ಕೆಲಸ ಬಿಟ್ಟವರ ಬೋನಸ್

ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು. 2023ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ದೀಪಾವಳಿಗೆ ಹಳೆಯ ಜೊತೆಗಾರರಿಗೆ ಬೋನಸ್ ಬಂದದ್ದು ತಿಳಿದು ವಿಚಾರಿಸಿದಾಗ, "ಈಗ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ" ಎಂಬ ಉತ್ತರ ಸಿಕ್ಕಿತು. ಈ ಉತ್ತರ ತಪ್ಪು. ಎಷ್ಟೋ ಕಾರ್ಮಿಕರು ಇದನ್ನೇ ಕಾನೂನೆಂದು ನಂಬಿ ಸುಮ್ಮನಾಗುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅವರಿಗೆ ಅನ್ವಯಿಸುವುದು 1965ರ ಬೋನಸ್ ಪಾವತಿ ಕಾಯ್ದೆ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ, ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 21,000 ರೂಪಾಯಿ ಮೀರದ ನೌಕರರು ಆ ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ್ದರೆ ಅರ್ಹರು. ಸಂಬಳಸಹಿತ ರಜೆ, ಹೆರಿಗೆ ರಜೆಯ ದಿನಗಳೂ ಕೆಲಸದ ದಿನಗಳೇ. ಬೋನಸ್ ಹಂಚುವ ದಿನ ನೌಕರಿಯಲ್ಲಿರಬೇಕೆಂಬ ಷರತ್ತು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಆಕೆಯ ಸಂಬಳ ಆ ಕೆಲಸಕ್ಕೆ ಗೊತ್ತುಪಡಿಸಿದ ಕನಿಷ್ಠ ವೇತನವೇ, ಅಂದರೆ ತಿಂಗಳಿಗೆ 12,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಹಿಡಿಯಬೇಕಾದದ್ದು 7,000 ಅಥವಾ ಕನಿಷ್ಠ ವೇತನ, ಇವೆರಡರಲ್ಲಿ ಹೆಚ್ಚಿನದು. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಗಳಿಕೆ 60,000; ಅದರ ಶೇ. 8.33ರಂತೆ 4,998 ರೂಪಾಯಿ ಆಕೆಗೆ ಸಲ್ಲಬೇಕಾದ ಕನಿಷ್ಠ ಬೋನಸ್. ಮಾರ್ಚ್ 31ಕ್ಕೆ ಲೆಕ್ಕ ಮುಗಿದ ಮೇಲೆ ಕೊಡಲು ಎಂಟು ತಿಂಗಳ ಅವಕಾಶವಿರುವುದರಿಂದ, ಬಿಡುವಾಗಿನ ಅಂತಿಮ ಲೆಕ್ಕದಲ್ಲಿ ಈ ಮೊತ್ತ ಕಾಣಿಸದಿರುವುದು ಸಹಜ. ಮೋಸ ನಡೆಯುವುದೂ ಅಲ್ಲಿಯೇ: "ಇನ್ನು ಬಾಕಿ ಏನೂ ಇಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಮುಂದೆ ಅದನ್ನೇ ತೋರಿಸುತ್ತಾರೆ. ಸಹಿ ಮಾಡುವಾಗ "ಈ ವರ್ಷದ ಬೋನಸ್ ಹೊರತುಪಡಿಸಿ" ಎಂದು ಕೈಯಾರೆ ಬರೆಯುವುದು ಒಳ್ಳೆಯದು.

ವಜಾ ಆದವರ ವಿಷಯ ಸ್ವಲ್ಪ ಬೇರೆ. ವಂಚನೆ, ಸಂಸ್ಥೆಯ ಆವರಣದಲ್ಲಿ ದಾಂಧಲೆ ಅಥವಾ ಹಿಂಸಾತ್ಮಕ ವರ್ತನೆ, ಸಂಸ್ಥೆಯ ಸ್ವತ್ತಿನ ಕಳವು, ದುರುಪಯೋಗ ಅಥವಾ ವಿಧ್ವಂಸ, ಈ ಕಾರಣಗಳಿಗಾಗಿ ವಜಾ ಆದವರು ಮಾತ್ರ ಬೋನಸ್ ಕಳೆದುಕೊಳ್ಳುತ್ತಾರೆ. ಗೈರುಹಾಜರಿ, ಮೇಲಧಿಕಾರಿಗೆ ಎದುರುಮಾತು, ಕೆಲಸದಲ್ಲಿ ನಿಧಾನ ಇವುಗಳಿಗಾಗಿ ವಜಾ ಮಾಡಿದರೆ ನೌಕರಿ ಹೋದೀತು, ಬೋನಸ್ ಹೋಗುವುದಿಲ್ಲ. ಆದ್ದರಿಂದ ವಜಾ ಆದೇಶದಲ್ಲಿ ಯಾವ ಕಾರಣ ಬರೆದಿದೆ ಎಂಬುದನ್ನೇ ಮೊದಲು ನೋಡಬೇಕು. ದುರ್ನಡತೆಯಿಂದ ಸಂಸ್ಥೆಗೆ ಹಣದ ನಷ್ಟವಾಗಿದ್ದರೆ, ಆ ನಷ್ಟದಷ್ಟನ್ನು ಅದೇ ವರ್ಷದ ಬೋನಸ್‌ನಿಂದ ಮಾತ್ರ ಹಿಡಿಯಬಹುದು.

ಆ ಹಳೆಯ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಈ ಮೂರು ಕಾರಣಗಳನ್ನು ಉಳಿಸಿಕೊಂಡು, ಲೈಂಗಿಕ ಕಿರುಕುಳದ ಅಪರಾಧ ಸಾಬೀತಾಗಿ ವಜಾ ಆಗುವುದನ್ನು ನಾಲ್ಕನೆಯದಾಗಿ ಸೇರಿಸಿದೆ. ಅಲ್ಲಿಯೂ ರಾಜೀನಾಮೆ ಎಂಬ ಕಾರಣ ಇಲ್ಲ.

ಆ ಹೆಣ್ಣುಮಗಳು ದುಡಿದ ತಿಂಗಳುಗಳನ್ನು ನಮೂದಿಸಿ ಕಾರ್ಖಾನೆಗೆ ಪತ್ರ ಬರೆದು, ಸ್ವೀಕೃತಿ ಪಡೆದರು. ಹಣ ಅವರ ಖಾತೆಗೆ ಬಂದದ್ದು ಆ ಬಳಿಕವೇ.