ಫಲಪ್ರದ ಚರ್ಚೆಗೆ ಧನ್ಯವಾದಗಳು

ಬೆಂಗಳೂರಿನ ಕಂಪನಿಗಳಲ್ಲಿ ಕ್ಲೈಂಟಿಗೆ ಪ್ರೊಪೋಸಲ್ ಡೆಕ್ ತೋರಿಸುವ ಮೀಟಿಂಗ್ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಏನು ತೀರ್ಮಾನವಾಯಿತು ಎಂಬುದನ್ನು ಮುಚ್ಚಿಡುವುದಕ್ಕೆ ಮಾತ್ರ ಎರಡು ದಿನ ಬೇಕು. ಆ ಕೆಲಸಕ್ಕೆ ಫಾಲೋಅಪ್ ಮೇಲ್ ಎಂದು ಹೆಸರು.

ಏಳು ಸೀರೆ ಅಂಗಡಿಗಳಿರುವ ಒಬ್ಬ ಸಾಹುಕಾರರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಹೊರಟ ಒಂದು ಕಂಪನಿಯ ಕಥೆ ಕೇಳಿ. ಡೆಕ್‌ನಲ್ಲಿ 38 ಸ್ಲೈಡು. ಮೀಟಿಂಗಿಗೆ ಬಂದದ್ದು ಸಾಹುಕಾರರ ಮಗ. ಆಫೀಸಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಅಂದು ಸಂಜೆಯೇ ಮೇಲ್ ಬರೆದು ಮುಗಿಸಿದಳು:

“ಇಂದು ನೋಡಿದ ಡೆಕ್‌ನ ಏಳನೇ ಆವೃತ್ತಿಯ ಮೇಲೆ ಆದ ತೀರ್ಮಾನಗಳು ಇವು. ಮೊದಲ ಹಂತದಲ್ಲಿ ಮೂರು ಅಂಗಡಿ ಮಾತ್ರ, ಸ್ಲೈಡ್ 14. ಬೆಲೆ 31 ಲಕ್ಷ ಅಲ್ಲ, 24 ಲಕ್ಷ; 18% ಜಿಎಸ್‌ಟಿ ಪ್ರತ್ಯೇಕ. ಹಳೇ ಸ್ಟಾಕ್ ಪಟ್ಟಿಯನ್ನು ಸರಿಮಾಡಿ ಜೂನ್ 10ರೊಳಗೆ ಕೊಡುವುದು ನಿಮ್ಮ ಅಕೌಂಟೆಂಟ್. ಮೊಬೈಲ್ ಆ್ಯಪ್ ಈ ಬೆಲೆಯಲ್ಲಿ ಸೇರಿಲ್ಲ. ವರ್ಷದ ನಿರ್ವಹಣೆ ಶುಲ್ಕ ಇನ್ನೂ ತೀರ್ಮಾನವಾಗಿಲ್ಲ. ತಪ್ಪಿದ್ದರೆ ತಿದ್ದಿ, ಸರಿಯಿದ್ದರೆ ತಂದೆಯವರಿಂದ ಒಂದು ಸಾಲು ಒಪ್ಪಿಗೆ ಕಳಿಸಿ.”

ಇಷ್ಟೇ. ಓದಿದವರಿಗೆ ಅರ್ಥವಾಗಿಬಿಡುತ್ತದೆ! ಮ್ಯಾನೇಜರ್ ಗಾಬರಿಯಾದರು.

“ನೋಡಮ್ಮಾ, ರೇಟು ಗೀಟು ಮೇಲ್‌ನಲ್ಲಿ ಹಾಕಬಾರದು, ಕ್ಲೈಂಟ್ ಹೆದರ್ತಾರೆ.”

“ಸರ್, ಅವರೇ ಒಪ್ಪಿದ್ದಲ್ವಾ?”

“ಒಪ್ಪಿದ್ದನ್ನ ನೆನಪು ಮಾಡಿದ್ರೆ ಮತ್ತೆ ಚೌಕಾಸಿ ಶುರುವಾಗತ್ತೆ. ಅಟ್ಯಾಚ್‌ಮೆಂಟ್ ನೋಡ್ಕೋತಾರೆ ಬಿಡು.”

ಹಾಗಾಗಿ 24 ಲಕ್ಷ ಹೋಯಿತು, “ಕಮರ್ಷಿಯಲ್ಸ್ ಬಗ್ಗೆ ಸ್ಥೂಲ ಒಮ್ಮತ ಮೂಡಿತು” ಎಂಬುದು ಬಂತು. ಜಿಎಸ್‌ಟಿಯ ಎರಡು ಪದ ಅದರ ಜೊತೆಗೇ ಹೋದವು. ಅಕೌಂಟೆಂಟ್ ಹೆಸರೆತ್ತಿದರೆ ಬೇಜಾರಾದಾರು ಎಂದು “ಸ್ಟಾಕ್ ಪಟ್ಟಿಯನ್ನು ಶೀಘ್ರವೇ ಸರಿಪಡಿಸಲಾಗುವುದು” ಎಂದಾಯಿತು. ಯಾರು ಸರಿಪಡಿಸುತ್ತಾರೆ? ವಿಧಾನಸೌಧದ ಪ್ರಕಟಣೆಗಳಲ್ಲಿ ರಸ್ತೆಗುಂಡಿ ಮುಚ್ಚುವವರೇ ಇದಕ್ಕೂ ಬರುತ್ತಾರೆ. ಇನ್ನು ಆ್ಯಪ್. “ಸೇರಿಲ್ಲ” ಎನ್ನುವುದು ನೆಗೆಟಿವ್ ಅಂತೆ. “ಮೊಬೈಲ್ ಆ್ಯಪ್ ಕುರಿತು ಫಲಪ್ರದ ಚರ್ಚೆ ನಡೆಯಿತು” ಎಂದು ಬರೆದರು. ಒಪ್ಪಿಗೆ ಕೇಳುವ ಕೊನೆಯ ಸಾಲು ಒತ್ತಾಯದಂತೆ ಕಂಡಿತು. ಅದರ ಜಾಗದಲ್ಲಿ ಶುಭದಿನದ ಹಾರೈಕೆ ಕೂತಿತು.

ಸಿಸಿಯಲ್ಲಿ ಹನ್ನೊಂದು ಜನ. ಮೀಟಿಂಗಿನಲ್ಲಿ ಕಾಫಿ ಕುಡಿದವರೆಲ್ಲ ಇದ್ದರು, ಚೆಕ್ಕಿಗೆ ಸಹಿ ಹಾಕುವ ಸಾಹುಕಾರರೊಬ್ಬರು ಇರಲಿಲ್ಲ. ಲಗತ್ತಿಸಿದ ಕಡತದ ಹೆಸರು `Proposal_v6_FINAL_final.pptx`. ಅಂದರೆ ಮೀಟಿಂಗಿನಲ್ಲಿ ನೋಡಿದ್ದರ ಹಿಂದಿನದು. ಅದರಲ್ಲಿ ಏಳೂ ಅಂಗಡಿ ಇದ್ದವು, 31 ಲಕ್ಷವಿತ್ತು, ಆ್ಯಪ್‌ನ ಚಂದದ ಚಿತ್ರವೂ ಇತ್ತು.

ಉತ್ತರ ಬಂತು: “ನೋಟೆಡ್, ಥ್ಯಾಂಕ್ಸ್.” ಆಫೀಸಿನಲ್ಲಿ ಪಫ್ಸ್ ಹಂಚಿದರು. “ನೋಟೆಡ್” ಎಂದರೆ ಓದಿದೆ ಎಂದೇ ಹೊರತು ಒಪ್ಪಿದೆ ಎಂದಲ್ಲ. ಓದಿದೆ ಎಂಬುದೂ ಅನುಮಾನವೇ.

ಮೇಲ್ ಬರೀ ಔಪಚಾರಿಕತೆ, ಕರಾರು ಆಮೇಲೆ ಬರುತ್ತದೆ ಎಂದು ಇವರೆಲ್ಲ ನಂಬಿದ್ದಾರೆ. 2010ರಲ್ಲಿ ಸುಪ್ರೀಂ ಕೋರ್ಟ್ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ಕಂಪನಿಗಳ ನಡುವಿನ ಪ್ರಕರಣದಲ್ಲಿ ಬೇರೆಯೇ ಹೇಳಿದೆ. ಆಸ್ಟ್ರೇಲಿಯಾದ ಬಾಕ್ಸೈಟ್ ಅದಿರಿನ ವ್ಯವಹಾರ. ಔಪಚಾರಿಕ ಕರಾರಿಗೆ ಸಹಿಯೇ ಬಿದ್ದಿರಲಿಲ್ಲ. ಮೇಲ್‌ಗಳಲ್ಲಿ ಬೆಲೆ, ಪ್ರಮಾಣ, ಷರತ್ತುಗಳು ಸ್ಪಷ್ಟವಾಗಿದ್ದವು, ಕೊನೆಗೆ ಐದು ಹಡಗು ಸರಕಿನ ವ್ಯವಹಾರವನ್ನು ಖಚಿತಪಡಿಸಿ ಒಂದು ಮೇಲ್ ಬಂದಿತ್ತು. ಒಪ್ಪಂದ ಆಗಿಹೋಗಿದೆ ಎಂದಿತು ನ್ಯಾಯಾಲಯ. ಅಲ್ಲಿ ಹಡಗುಗಟ್ಟಲೆ ಅದಿರಿಗೆ ಒಂದು ಸಾಲು ಸಾಕಾಗಿತ್ತು; ಇಲ್ಲಿ ನಾಲ್ಕು ಪ್ಯಾರಾ ಬರೆದೂ ಮೂರು ಅಂಗಡಿ ಖಚಿತವಾಗಲಿಲ್ಲ.

ಮೂರು ತಿಂಗಳಾದ ಮೇಲೆ ಬಿಲ್ ಹೋಯಿತು: 24 ಲಕ್ಷ, ಅದರ ಮೇಲೆ ಜಿಎಸ್‌ಟಿ 4.32 ಲಕ್ಷ. ಸಾಹುಕಾರರು ಮೊಟ್ಟಮೊದಲ ಬಾರಿಗೆ ಫೋನ್ ಮಾಡಿದರು. “24 ಅಂದ್ರೆ ಎಲ್ಲಾ ಸೇರಿ ತಾನೇ? ನನ್ ಮಗ ಹಾಗೇ ಅಂದ. ಮತ್ತೆ ಆ್ಯಪ್ ಎಲ್ಲಿ ಸ್ವಾಮಿ? ಮಿಕ್ಕ ನಾಲ್ಕು ಅಂಗಡಿಗೆ ಯಾವಾಗ ಬರ್ತೀರಿ?” ಸ್ಟಾಕ್ ಪಟ್ಟಿ ಅಷ್ಟುಹೊತ್ತಿಗೂ ಬಂದಿರಲಿಲ್ಲ. ಅಕೌಂಟೆಂಟರಿಗೆ ಕೇಳಿದರೆ, ನೀವೇ ಸರಿಪಡಿಸುತ್ತೀರಿ ಅಂದುಕೊಂಡು ಕಾಯುತ್ತಿದ್ದೆ ಎಂದರು.

ಮ್ಯಾನೇಜರ್ ಸಾಕ್ಷಿಗಾಗಿ ಹಳೆಯ ಮೇಲ್ ಹುಡುಕಲು ಕೂತರು. ಅವರು ಹುಡುಕಿ ಮುಗಿಸುವ ಮೊದಲೇ ಸಾಹುಕಾರರ ವಕೀಲರು ಅದನ್ನೇ ಅವರಿಗೆ ಫಾರ್ವರ್ಡ್ ಮಾಡಿದ್ದರು, “ಫಲಪ್ರದ ಚರ್ಚೆ” ಎಂಬಲ್ಲಿ ಹಳದಿ ಬಣ್ಣ ಬಳಿದು, ಜೊತೆಗೆ ಆರನೇ ಆವೃತ್ತಿಯ ಆ ಡೆಕ್ ಲಗತ್ತಿಸಿ.