ಅಜ್ಜಿಯ ಶುಂಠಿ ಮಜ್ಜಿಗೆ

ಹೊಟ್ಟೆ ಸರಿಯಿಲ್ಲವೆಂದು ಅಜ್ಜಿಯ ಮುಂದೆ ನಿಂತರೆ ಮದ್ದಿಗಿಂತ ಮೊದಲು ವಿಚಾರಣೆ ಸಿಗುತ್ತಿತ್ತು. ಆ ದಿನ ನಾನು ತಿಂದ ಕರಿದ ತಿಂಡಿಯ ಲೆಕ್ಕವನ್ನು ಅರ್ಧಕ್ಕೆ ಇಳಿಸಿ ಹೇಳಿದೆ. ಅವಳು ಮನಸ್ಸಿನಲ್ಲೇ ಅದನ್ನು ಎರಡರಿಂದ ಗುಣಿಸಿಕೊಂಡು, ತೇಗು ಹುಳಿಯೋ, ಎದೆ ಉರಿಯುತ್ತದೆಯೋ, ಮೈ ಬೆಚ್ಚಗಿದೆಯೋ ಎಂದು ಕೇಳಿ, ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟಿ ನೋಡಿದಳು. ಡೊಳ್ಳಿನಂತೆ ಸದ್ದಾಯಿತು.

ಅರ್ಧ ಲೋಟ ಮೊಸರಿಗೆ ಒಂದೂವರೆ ಲೋಟ ನೀರು ಬೆರೆಸಿ ಕಡೆದು, ಮೇಲೆ ತೇಲಿದ ಬೆಣ್ಣೆಯನ್ನು ಅವಳು ಬಳಿದು ತೆಗೆದಳು. ನಾನು ಬೆಣ್ಣೆಗೆ ಕೈಚಾಚಿದೆ, ಕೈಗೊಂದು ಪೆಟ್ಟು ಬಿತ್ತು. "ಹೊಟ್ಟೆಗೆ ಕೆಳಗೊಂದು ಬಾಗಿಲಿದೆ ಕಣೋ. ಜಿಡ್ಡು ಬಂದರೆ ಅದು ಬೇಗ ತೆರೆಯುವುದಿಲ್ಲ. ಇನ್ನೂ ಬೆಣ್ಣೆ ಕೊಟ್ಟರೆ ಒಳಗಿರುವುದು ಹೊರಡುವುದು ಯಾವಾಗ?" ಜಿಡ್ಡಿನ ಆಹಾರ ಜಠರದಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ನಂತರ. ಬೆಣ್ಣೆ ತೆಗೆದ ತೆಳು ಮಜ್ಜಿಗೆಯಲ್ಲಿ ಜಠರ ಹೆಣಗಬೇಕಾದದ್ದು ಹೆಚ್ಚೇನಿಲ್ಲ. ಹಾಲಿನ ಸಕ್ಕರೆಯ ಒಂದಂಶವನ್ನು ಹೆಪ್ಪಿನ ಸೂಕ್ಷ್ಮಜೀವಿಗಳು ಮೊದಲೇ ಹುಳಿಯಾಗಿಸಿರುತ್ತವೆ.

ಬಳಿಕ ಹೆಬ್ಬೆರಳಿನ ಉಗುರಿನಷ್ಟು ಹಸಿಶುಂಠಿಯ ಸಿಪ್ಪೆ ಕೆರೆದು, ಜಜ್ಜಿ, ಮಜ್ಜಿಗೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ, ನಾರನ್ನು ಸೋಸಿ, ಚಿಟಿಕೆ ಉಪ್ಪು ಹಾಕಿದಳು. "ಮಜ್ಜಿಗೆ ದಾರಿ ಬಿಡಿಸುತ್ತದೆ, ಶುಂಠಿ ಹಿಂದಿನಿಂದ ತಳ್ಳುತ್ತದೆ" ಎಂಬುದು ಅವಳ ವಿವರಣೆ. ಈ ತಳ್ಳುವ ಮಾತು ಬರೀ ಉಪಮೆಯಲ್ಲ: ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಮುಂತಾದ ಅಂಶಗಳು ಜಠರ ಬೇಗ ಬರಿದಾಗಲು ನೆರವಾಗುತ್ತವೆ, ವಾಕರಿಕೆಯ ಸೂಚನೆ ಹೊತ್ತೊಯ್ಯುವ ನರಗಳನ್ನೂ ತುಸು ತಣಿಸುತ್ತವೆ. ಆದರೆ ಖಾರ ಹೆಚ್ಚಿದಷ್ಟೂ ಗುಣ ಹೆಚ್ಚೆಂದು ಎರಡು ಪಟ್ಟು ಶುಂಠಿ ಜಜ್ಜಿದ ನನ್ನ ಸ್ವಂತ ಪ್ರಯೋಗ ಎದೆಯುರಿಯಲ್ಲಿ ಮುಗಿದದ್ದುಂಟು. ಅದನ್ನು ಬಿಸಿ ಮಾಡಲು ಹೋಗಿ ಮಜ್ಜಿಗೆ ಒಡೆದು, ಗಂಟುಗಂಟಾದ ನೀರನ್ನು ಬಚ್ಚಲಿಗೆ ಚೆಲ್ಲಿದ್ದು ಬೇರೆ ಕಥೆ.

ಲೋಟವನ್ನು ಒಮ್ಮೆಗೇ ಎತ್ತಿ ಕುಡಿಯಲು ಅವಳು ಬಿಡಲಿಲ್ಲ. ಗುಟುಕು ಗುಟುಕಾಗಿ ಕುಡಿದು ಮುಗಿಸಿದೆ. ಸ್ವಲ್ಪ ಹೊತ್ತಿನಲ್ಲಿ ಉದ್ದನೆಯ ತೇಗೊಂದು ಬಂತು. ಅಜ್ಜಿ ತಲೆಯಾಡಿಸಿದಳು, ಉತ್ತರ ಸಿಕ್ಕವರಂತೆ.

ಮುಂದೊಮ್ಮೆ ಹೊಟ್ಟೆನೋವೆಂದು ಅದೇ ಲೋಟಕ್ಕಾಗಿ ಹೋಗಿ ನಿಂತೆ. ಹಣೆ ಮುಟ್ಟಿದಳು, ಜ್ವರವಿತ್ತು; ಹೊಟ್ಟೆಯ ಬಲಗಡೆ ಕೆಳಗೆ ಬೆರಳೂರಿದಾಗ ನಾನು ಚೀರಿದೆ. ಅವಳು ಕಡೆಗೋಲನ್ನು ಮುಟ್ಟಲೂ ಇಲ್ಲ. "ಇದು ನನ್ನ ಮಜ್ಜಿಗೆಯ ಕೆಲಸವಲ್ಲ, ವೈದ್ಯರ ಕೆಲಸ" ಎಂದು ಸೀರೆಯ ಸೆರಗು ಸರಿಪಡಿಸಿಕೊಂಡು ನನ್ನನ್ನು ಕರೆದುಕೊಂಡು ಹೊರಟೇಬಿಟ್ಟಳು.