ನೋಡುವ

ಬಂಗುಡೆ ತೊಳೆಯುತ್ತಿದ್ದೆ. ಆಗಲೇ ಕಟ್ಟೆಯ ಮೇಲಿಟ್ಟ ಫೋನ್ ಟಿಂಗ್ ಅಂದಿತು. ಮೀನಿನ ಕೈಯಲ್ಲಿ ಫೋನ್ ಮುಟ್ಟಬಾರದು ಅಂತ ಮಗಳಿಗೆ ನೂರು ಸಲ ಹೇಳಿದವಳು ನಾನು. ಆದರೂ ಕಿರುಬೆರಳಿನಿಂದ ಒತ್ತಿದೆ.

ಕಾಲೇಜಿನ ಗೆಳತಿಯ ಮೆಸೇಜು. ಈಗ ಮಂಗಳೂರಿನ ಬಿಜೈಯಲ್ಲಿ ಹೊಸ ಫ್ಲಾಟಿಗೆ ಹೋಗಿದ್ದಾಳೆ. ಬರುವ ಆದಿತ್ಯವಾರ ಅವಳ ಹುಟ್ಟುಹಬ್ಬ, ಟೆರೇಸಿನಲ್ಲಿ ಪಾರ್ಟಿ, ಸಂಜೆ ಏಳಕ್ಕೆ. ಬರೀ ಕರೆದಿದ್ದರೆ ತೊಂದರೆ ಇರಲಿಲ್ಲ. ನಮ್ಮ ಹಳೆ ಕ್ಲಾಸಿನ ಗ್ರೂಪಿನಲ್ಲಿ ಒಂದು ಪೋಲ್ ಹಾಕಿದ್ದಾಳೆ. ‘ಬರ್ತೇನೆ’, ‘ಇಲ್ಲ’, ‘ನೋಡುವ’. ಮೂರರಲ್ಲಿ ಒಂದು ಒತ್ತಬೇಕು. ಯಾರು ಏನು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ.

ಗ್ರೂಪಿನಲ್ಲಿ 23 ಜನ. ಆಗಲೇ ‘ಬರ್ತೇನೆ’ಗೆ 6 ವೋಟು, ‘ನೋಡುವ’ಕ್ಕೆ 11. ‘ಇಲ್ಲ’ದ ಮುಂದೆ ಒಂದು ಸೊನ್ನೆ, ಘಟ್ಟದ ಮೇಲಿನ ಬಸ್ಸಿಗೆ ಕಾಯುವವರ ಹಾಗೆ ಒಂಟಿಯಾಗಿ ಕೂತಿತ್ತು.

ಆ ಹನ್ನೊಂದು ಜನ ಬರುವುದಿಲ್ಲ. ಅದು ಅವಳಿಗೆ ಗೊತ್ತು. ಅವಳಿಗೆ ಗೊತ್ತು ಅಂತ ಅವರಿಗೂ ಗೊತ್ತು. ನಮ್ಮ ಊರಿನವರ ಬಾಯಲ್ಲಿ ‘ಇಲ್ಲ’ ಅನ್ನುವ ಶಬ್ದ ಮನೆಗೆ ಬಂದ ಸೇಲ್ಸ್‌ನವರಿಗೆ ಮಾತ್ರ. ಮಿಕ್ಕ ಎಲ್ಲರಿಗೂ ‘ನೋಡುವ’. ಮನೆಯಿಂದ ಹೊರಡುವಾಗಲೂ ‘ಹೋಗ್ತೇನೆ’ ಅನ್ನದೆ ‘ಬರ್ತೇನೆ’ ಅನ್ನುವ ಜನ ನಾವು. ಬಾರದೆ ಇರುವುದನ್ನು ನೇರವಾಗಿ ಹೇಳುವುದು ಹೇಗೆ?

ನನ್ನ ಭಾವನದ್ದು ಕೇಟರಿಂಗ್. ಅವರಿಗೆ ಈ ಶಬ್ದ ಕೇಳಿದರೆ ರಕ್ತದೊತ್ತಡ ಏರುತ್ತದೆ. ‘ಬರ್ತೇವೆ’ ಅಂದವರನ್ನು ಪೂರಾ ಲೆಕ್ಕ ಹಿಡಿಯುತ್ತಾರೆ. ‘ನೋಡುವ’ ಅಂದವರನ್ನು ಅರ್ಧ ಜನ ಅಂತ. “ಒಬ್ಬರಿಗೆ ಇನ್ನೂರು ಗ್ರಾಂ ಕೋಳಿ. ಹತ್ತು ‘ನೋಡುವ’ಕ್ಕೆ ಒಂದು ಕಿಲೋ ಹಾಕ್ತೇನೆ. ಹತ್ತೂ ಜನ ಬಂದ್ರೆ ನನ್ನ ಮಾನ ಹೋಗ್ತದೆ, ಯಾರೂ ಬಾರದಿದ್ರೆ ಸುಕ್ಕ ನಮ್ಮನೆ ನಾಯಿಗೆ” ಅನ್ನುತ್ತಾರೆ. ಅವರ ನಾಯಿ ನೋಡಿದರೆ ಊರಿನ ಜನ ಎಷ್ಟು ಮರ್ಯಾದಸ್ಥರು ಅಂತ ತಿಳಿಯುತ್ತದೆ. ಗೇಟಿನಲ್ಲಿ ಹಿಡಿಸುವುದಿಲ್ಲ.

ನಾನು ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಅಂದರೆ ನನಗೆ ಪ್ರಾಣ. ಪಾರ್ಟಿ ಅಂದರೆ ಆಗುವುದಿಲ್ಲ. ಉಡುಪಿಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಕೂತು ಹೋದರೆ, ಏಳು ಗಂಟೆಯ ಪಾರ್ಟಿಗೆ ಎಂಟೂವರೆಗೆ ಜನ. ಒಂಬತ್ತೂವರೆಗೆ ಕೇಕು. ಅಲ್ಲಿಯವರೆಗೆ ಎದೆಗೂಡು ಅದುರುವ ಸೌಂಡ್ ಬಾಕ್ಸಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಪಕ್ಕದವರು ಏನೋ ಕೇಳುತ್ತಾರೆ, ನಾವು ಹಲ್ಲು ಕಿರಿಯುತ್ತೇವೆ. ಆಮೇಲೆ ಮೈಕ್ ಹಿಡಿದ ಒಬ್ಬ ಹುಡುಗ ಬಂದು “ಆಂಟಿ, ಬರ್ತ್‌ಡೇ ಗರ್ಲ್ ಬಗ್ಗೆ ಎರಡು ಮಾತು” ಅನ್ನುತ್ತಾನೆ. ಮೂವತ್ತು ವರ್ಷದ ಸ್ನೇಹವನ್ನು ಎರಡು ಮಾತಲ್ಲಿ ಹೇಳಬೇಕಂತೆ, ಅದೂ ಬಲೂನು ಒಡೆಯುವ ಆಟದ ನಡುವೆ. ಅವನ ಮೈಕಿನ ವಯರು ಒಂದು ದಿನ ನಾನೇ ಕೀಳುತ್ತೇನೆ.

ಇದನ್ನೆಲ್ಲ ಅವಳಿಗೆ ಹೇಳುವ ಹಾಗಿಲ್ಲ. ಸುಳ್ಳು ಹೇಳುವ ಹಾಗೂ ಇಲ್ಲ. ಸುಳ್ಳು ಹೇಳುವ ಹಕ್ಕನ್ನು ನಾನು ಏಳೆಂಟು ವರ್ಷದ ಹಿಂದೆಯೇ ಕಳೆದುಕೊಂಡಿದ್ದೇನೆ.

ಆಗ ಅವಳೂ ಉಡುಪಿಯಲ್ಲೇ ಇದ್ದಳು, ನಮ್ಮ ಮನೆಯಿಂದ ಎರಡು ಓಣಿ ಆಚೆ. ಮದುವೆಯ ವಾರ್ಷಿಕೋತ್ಸವಕ್ಕೆ ಕರೆದಳು. ಜೂನ್ ಕೊನೆ, ಜಡಿಮಳೆ. ನನಗೆ ಹೊರಗೆ ಕಾಲಿಡುವ ಮನಸ್ಸಿರಲಿಲ್ಲ. ಸಣ್ಣ ನೆಪ ಹೇಳಿ ನೋಡಿದೆ. ಸೊಂಟ ನೋವು ಅಂದೆ. “ಒಳ್ಳೆ ಕುಶನ್ ಕುರ್ಚಿ ಉಂಟು” ಅಂದಳು. ಹೊಟ್ಟೆ ಸರಿ ಇಲ್ಲ ಅಂದೆ. “ನಿಂಗೆ ಬೇರೆ ಗಂಜಿ ಮಾಡಿಸ್ತೇನೆ ಮಾರಾಯ್ತಿ” ಅಂದಳು. ಮಳೆ ಅಂದೆ. ಕಾರು ಕಳಿಸುತ್ತೇನೆ ಅಂದಳು. ನೆಪಗಳ ಕಷ್ಟವೇ ಇದು. ಪ್ರೀತಿ ಇದ್ದವರು ಅದನ್ನು ಸಮಸ್ಯೆ ಅಂತ ತಿಳಿದು ಪರಿಹಾರ ಕೊಡಲಿಕ್ಕೆ ಹೊರಡುತ್ತಾರೆ. ಒಂದೊಂದು ಪರಿಹಾರಕ್ಕೂ ನಾವು ಇನ್ನೊಂದು ದೊಡ್ಡ ನೆಪ ಹುಡುಕಬೇಕು.

ಕೊನೆಗೆ ಯಾರಿಂದಲೂ ಪರಿಹರಿಸಲಿಕ್ಕಾಗದ ಒಂದನ್ನು ತೆಗೆದೆ. “ಆ ದಿನ ತರವಾಡು ಮನೆಯಲ್ಲಿ ದೈವದ ನೇಮ.”

ಆಚೆ ಕಡೆಯಿಂದ ಶಬ್ದವೇ ಇಲ್ಲ. ಆಮೇಲೆ ಮೆಲ್ಲ ಕೇಳಿದಳು. “ಪತ್ತನಾಜೆ ಕಳೆದು ಒಂದು ತಿಂಗಳಾಯ್ತಲ್ಲ. ಈಗ ಎಂಥ ನೇಮ?”

ಪತ್ತನಾಜೆ. ತುಳು ತಿಂಗಳು ಬೇಶದ ಹತ್ತು, ಮೇ 24-25ರ ಹೊತ್ತಿಗೆ ಬರುವುದು. ಅಲ್ಲಿಗೆ ಕೋಲ, ನೇಮ ಎಲ್ಲ ನಿಂತಿತು. ಯಕ್ಷಗಾನ ಮೇಳದವರೂ ಗೆಜ್ಜೆ ಬಿಚ್ಚಿದರು. ಮತ್ತೆ ಶುರುವಾಗುವುದು ದೀಪಾವಳಿಯ ಹೊತ್ತಿಗೆ. ಇದು ಇಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಬಾಯಿಗೆ ಗೊತ್ತಿರಲಿಲ್ಲ.

“ನೇಮ ಅಲ್ಲ ಮಾರಾಯ್ತಿ, ಬಾಯಿತಪ್ಪಿ ಬಂತು. ನಾಗನಿಗೆ ತಂಬಿಲ” ಅಂದೆ. ದೈವದ ಹೆಸರಲ್ಲಿ ಒಂದು ಸುಳ್ಳು ಸಾಲದು ಅಂತ ನಾಗನನ್ನೂ ಎಳೆದು ತಂದಾಯಿತು. ಅವಳು “ಹೌದಾ, ಪ್ರಸಾದ ತಾ ಆಯ್ತಾ” ಅಂದಳು. “ನಿನ್ನ ಯಜಮಾನ್ರೂ ಬರ್ತಾರಾ ತಂಬಿಲಕ್ಕೆ?” ಅಂತ ಕೇಳಿದಳು. ನಾನು ಬುದ್ಧಿವಂತೆ. ಎಲ್ಲದಕ್ಕೂ ಹೌದು ಅಂದರೆ ಸಂಶಯ ಬರುತ್ತದೆ ಅಂತ “ಇಲ್ಲ, ಇವರು ಮನೆಯಲ್ಲೇ ಇರ್ತಾರೆ” ಅಂದೆ.

ಆ ರಾತ್ರಿ ಒಂಬತ್ತೂವರೆ. ಹೊರಗೆ ಮಳೆ ಸುರಿಯುತ್ತಿತ್ತು. ನಾನು ನೈಟಿ ಹಾಕಿ, ಕಾಲು ಮೇಲೆ ಮಾಡಿ, ಹಲಸಿನ ಹಪ್ಪಳ ತಿನ್ನುತ್ತಿದ್ದೆ. ಬೆಲ್ ಆಯಿತು. ಇವರು ಬಾಗಿಲು ತೆಗೆದರು. ಆಮೇಲೆ ನಾನು ಈ ಜನ್ಮದಲ್ಲಿ ಕ್ಷಮಿಸದ ಒಂದು ಕೆಲಸ ಮಾಡಿದರು. “ಏ, ನೋಡು ಯಾರು ಬಂದಿದ್ದಾರೆ!” ಅಂತ ಒಳಗೆ ಕೂಗಿದರು.

ಹಪ್ಪಳ ಕೈಯಲ್ಲೇ ಇತ್ತು. ಹೊರಗೆ ಬಂದೆ. ಪಟ್ಟೆ ಸೀರೆಯ ಅಂಚು ಒದ್ದೆ ಮಾಡಿಕೊಂಡು ಅವಳು ನಿಂತಿದ್ದಾಳೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೂರು ಡಬ್ಬಿಯ ಕ್ಯಾರಿಯರ್. ಪಾಪ, ಒಬ್ಬರೇ ಇರುತ್ತಾರೆ, ಊಟಕ್ಕೆ ಏನು ಮಾಡುತ್ತಾರೋ ಅಂತ ಇವರಿಗೆ ನೀರ್ ದೋಸೆ, ಕೋಳಿ ಸುಕ್ಕ ತಂದಿದ್ದಳು. ನನ್ನನ್ನು ನೋಡಿದಳು. ಹಪ್ಪಳವನ್ನು ನೋಡಿದಳು. “ತಂಬಿಲ ಬೇಗ ಮುಗಿಯಿತಾ?” ಅಂದಳು. ನಾನು ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿಲ್ಲ. ಅವಳು ಕ್ಯಾರಿಯರ್ ಇವರ ಕೈಗೆ ಕೊಟ್ಟು “ಡಬ್ಬಿ ನಾಳೆ ಕೊಟ್ರೆ ಸಾಕು” ಅಂತ ಮಳೆಯಲ್ಲೇ ನಡೆದುಬಿಟ್ಟಳು.

ಇವರು ಊಟಕ್ಕೆ ಕೂತರು. ನಾನು ಒಂದು ತುಂಡಿಗೆ ಕೈ ಹಾಕಿದೆ. “ನಾಗನ ತಂಬಿಲ ಮುಗಿಸಿ ಬಂದವಳು ಕೋಳಿ ತಿನ್ನುವುದಾ?” ಅಂತ ಡಬ್ಬಿ ಆಚೆ ಸರಿಸಿದರು. ಪೂರಾ ತಿಂದರು. ಎಲುಬು ಚೀಪುವ ಶಬ್ದ ನನಗೆ ಇವತ್ತಿಗೂ ನೆನಪಿದೆ. ಆ ವರ್ಷ ನಾಗರ ಪಂಚಮಿಗೆ ನಮ್ಮ ಬನದಲ್ಲಿ ಎರಡು ಸೀಯಾಳ ಜಾಸ್ತಿ ಕೊಟ್ಟು ಬಂದೆ.

ಹದಿನೈದು ದಿನ ಅವಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ “ಆಯ್ತು ಆಯ್ತು” ಅಂತ ಎರಡೆರಡು ಸಲ ಹೇಳಿ ಇಡುತ್ತಿದ್ದಳು. ಒಂದು ಸಲ “ಆಯ್ತು ಮಾರಾಯ್ತಿ” ಅಂದರೆ ಬೇಸರ ಇಲ್ಲ. ಎರಡು ಸಲ “ಆಯ್ತು” ಅಂದು ‘ಮಾರಾಯ್ತಿ’ ಬಿಟ್ಟರೆ ಇದೆ. ಇದಕ್ಕಿಂತ ಒಳ್ಳೆಯ ಥರ್ಮಾಮೀಟರ್ ಇಲ್ಲ. ಕೊನೆಗೆ ಖಾಲಿ ಡಬ್ಬಿಯಲ್ಲಿ ಪತ್ರೊಡೆ ತುಂಬಿಸಿ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾರ್ಟಿ ನನಗೆ ಆಗುವುದಿಲ್ಲ, ನೀನು ಆಗುತ್ತೀ ಅಂತ. ಅವಳಿಗೆ ಸಿಟ್ಟು ಬಂದದ್ದು ನಾನು ಬಾರದ್ದಕ್ಕೆ ಅಲ್ಲವಂತೆ. “ಗಂಜಿ ಮಾಡ್ಲಿಕ್ಕೆ ಕುಚ್ಚಲಕ್ಕಿ ಬೇರೆ ಬೇಯಿಸಿಟ್ಟಿದ್ದೆ” ಅಂದಳು. ಹೊಟ್ಟೆ ಸರಿ ಇಲ್ಲ ಅಂದದ್ದನ್ನು ಅವಳು ನಂಬಿದ್ದಳು. ನಾನು ಮರೆತೇ ಬಿಟ್ಟಿದ್ದೆ.

ಅಂದಿನಿಂದ ನನಗೆ ಈ ಕೆಲಸದಲ್ಲಿ ಸ್ವಲ್ಪ ಕೈ ಕುದುರಿದೆ. ಗ್ರೂಪಿನಲ್ಲಿ ಹೇಳುವುದಿಲ್ಲ. ಒಬ್ಬರು ‘ಇಲ್ಲ’ ಅಂದರೆ ‘ನೋಡುವ’ದವರಿಗೆಲ್ಲ ಧೈರ್ಯ ಬಂದು, ಅವಳ ಹುಟ್ಟುಹಬ್ಬದ ಪೋಲಿನಲ್ಲಿ ಸಾಲಾಗಿ ‘ಇಲ್ಲ’ ಬೀಳುತ್ತದೆ. ಅದು ಬೇಡ. ಮೆಸೇಜು ಬಂದ ದಿನವೇ, ತಪ್ಪಿದರೆ ಮರುದಿನ, ಫೋನ್ ಮಾಡುತ್ತೇನೆ. ತಡ ಮಾಡಿದಷ್ಟೂ ಕಾರಣ ದೊಡ್ಡದಾಗಬೇಕಾಗುತ್ತದೆ. ನಾಲ್ಕು ದಿನ ಮೊದಲು “ಬರ್ಲಿಕ್ಕೆ ಆಗುದಿಲ್ಲ” ಅಂದರೆ ಸಾಕು. ಅದೇ ದಿನ ಸಂಜೆ ಹೇಳುವುದಾದರೆ ಕನಿಷ್ಠ ಒಬ್ಬರನ್ನಾದರೂ ಆಸ್ಪತ್ರೆಗೆ ಸೇರಿಸಬೇಕು. ಭಾವನ ಕೋಳಿ ಲೆಕ್ಕವೂ ಅಷ್ಟರಲ್ಲಿ ಆಗಿರುತ್ತದೆ.

ಫೋನಿನಲ್ಲೂ ‘ಬರುವುದಿಲ್ಲ’ವನ್ನು ಮೊದಲೇ ಹೇಳಿಬಿಡಬೇಕು. ಅರ್ಧ ಗಂಟೆ ಸುಖದುಃಖ ಮಾತಾಡಿ ಕೊನೆಗೆ ಹೇಳಿದರೆ ಆ ಅರ್ಧ ಗಂಟೆಯೂ ಹಾಳು. ಇದಕ್ಕೇ ಮಾಡಿದ್ದು ಇವಳು ಅನ್ನಿಸುತ್ತದೆ. ಸಾರಿ ಒಂದೇ ಸಲ. ಮೂರು ಸಲ ಹೇಳಿದರೆ ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ. ಹುಟ್ಟುಹಬ್ಬ ಅವರದ್ದು, ಸಮಾಧಾನ ನಮಗೆ! ‘ಇನ್ನೊಮ್ಮೆ ಖಂಡಿತ ಸಿಗುವ’ ಅಂತೂ ಬೇಡವೇ ಬೇಡ. ಅದು ‘ನೋಡುವ’ದ ಅಕ್ಕ. ವಾರ, ಗಂಟೆ ಹೇಳಿ ಕರೆಯಬೇಕು.

ಯಾರಾದರೂ ತೀರಿಕೊಂಡ ಮನೆಯ ಬೊಜ್ಜಕ್ಕೆ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿಗೆ ಹೋಗಲೇಬೇಕು. ಅಲ್ಲಿ ಮೈಕಿನ ಹುಡುಗನೂ ಇರುವುದಿಲ್ಲ.

ಕೈ ತೊಳೆದೆ. ಎರಡು ಸಲ ಸೋಪು ಹಾಕಿದರೂ ವಾಸನೆ ಹೋಗಲಿಲ್ಲ. ಫೋನ್ ಮಾಡಿದೆ.

“ಪಾರ್ಟಿಗೆ ನಾನು ಬರುದಿಲ್ಲ ಮಾರಾಯ್ತಿ” ಅಂದೆ, ಹಲೋ ಆದ ಕೂಡಲೇ.

“ತಂಬಿಲವಾ?” ಅಂದಳು.

ಈಗ ಡಿಸೆಂಬರ್. ಊರೆಲ್ಲ ನೇಮದ ಕಾಲ. ನಿಜವಾಗಿ ನಮ್ಮಲ್ಲಿ ನೇಮ ಇದ್ದರೂ ಅವಳ ಹತ್ತಿರ ಹೇಳುವ ಬಾಯಿ ನನಗಿಲ್ಲ.

“ಅಲ್ಲ. ಆ ಸೌಂಡ್ ಬಾಕ್ಸು ನಂಗೆ ಆಗುದಿಲ್ಲ, ನಿಂಗೆ ಗೊತ್ತಲ್ಲ. ಬುಧವಾರ ಹನ್ನೆರಡು ಗಂಟೆಗೆ ನೀನು ಇಲ್ಲಿಗೆ ಬಾ. ನೀರ್ ದೋಸೆ, ಬಂಗುಡೆ ಪುಳಿಮುಂಚಿ ಮಾಡ್ತೇನೆ. ನಾವಿಬ್ಬರೇ.”

“ಪುಳಿಮುಂಚಿಯಾ?” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಆಯ್ತು ಮಾರಾಯ್ತಿ” ಅಂದಳು. ಒಂದೇ ಸಲ. ನನಗೆ ಜೀವ ಬಂತು.

“ಹಾಗಾದ್ರೆ ಬುಧವಾರ ಬರ್ತೀ ಅಲ್ವಾ?”

“ನೋಡುವ” ಅಂದಳು.

ಅರ್ಧ ಜನಕ್ಕೆ ಎಷ್ಟು ಪಾವು ಅಕ್ಕಿ ನೆನೆಹಾಕುವುದು ಅಂತ ಭಾವನನ್ನೇ ಕೇಳಬೇಕು.